ಒಂದೇ ಸಾಲಿನಲ್ಲಿ ಎರಡು ಎಂಆರ್

ಬರೆದ ಡಾಕ್ಟರನ್ನು ಕೇಳದೆ ಕೇಸ್ ಶೀಟಿನ ಶಾರ್ಟ್‌ಫಾರ್ಮ್ ಬಿಡಿಸಲು ಹೋಗಬಾರದು ಎಂಬ ಮಾತು ನಮ್ಮ ಕಾಸರಗೋಡಿನ ಅನುವಾದಕರಲ್ಲಿ ಮೊದಲಿನಿಂದಲೂ ಇದೆ. ಕೇಳುವುದು ಯಾರನ್ನು? ಮಂಜೇಶ್ವರ, ಬದಿಯಡ್ಕ, ಎಣ್ಮಕಜೆ ಕಡೆಯ ಒಂದು ಕಡತ ಬಿಚ್ಚಿದರೆ ಊರಿನ ಸರ್ಕಾರಿ ಆಸ್ಪತ್ರೆಯ ಚೀಟಿ, ಮಂಗಳೂರಿನ ಡಿಸ್ಚಾರ್ಜ್ ಸಮರಿ, ಪರಿಯಾರದ ಕೇಸ್ ಶೀಟು ಎಲ್ಲ ಒಟ್ಟಿಗೇ ಇರುತ್ತವೆ. ಹತ್ತು ಕೈಗಳ ಬರಹ. ಅದರಲ್ಲಿ ಅರ್ಧದಷ್ಟು ಅಂದಿನ ಹೌಸ್ ಸರ್ಜನ್‌ಗಳದ್ದು, ಅವರು ಈಗ ಎಲ್ಲಿದ್ದಾರೋ. ಹಾಗಾಗಿ ಕಡತದ ಒಳಗಿಂದಲೇ ಅರ್ಥ ತೆಗೆಯುವ ಕ್ರಮ ಹಿಡಿದೆ. ನಡೆಯಲಿಕ್ಕಿಲ್ಲ ಎಂದವರೇ ಹೆಚ್ಚು. ಈಚಿನ ನಲುವತ್ತು ಕಡತಗಳಲ್ಲಿ ಬಿಡಿಸಲಾಗದೆ ಉಳಿದದ್ದು ಮೂರೋ ನಾಲ್ಕೋ.

ಮೊದಲು ಕೆಟ್ಟದ್ದನ್ನು ಹೇಳುತ್ತೇನೆ. ಎಲ್ಲರಂತೆ ನಾನೂ ಪಟ್ಟಿ ಮಾಡಿದೆ. ಸುಮಾರು ಆರುನೂರು ಶಾರ್ಟ್‌ಫಾರ್ಮ್, ಎದುರಿಗೆ ಕನ್ನಡ. ಒಂದಕ್ಕೆ ಮೂರು ಅರ್ಥವಿದ್ದಲ್ಲಿ ಮೂರನ್ನೂ ಬರೆದಿಟ್ಟೆ. ಪಟ್ಟಿಯಿಂದ ಲಾಭವಾಗಲಿಲ್ಲ, ನಷ್ಟವೇ ಆಯಿತು. ರಾತ್ರಿ ಹನ್ನೊಂದಕ್ಕೆ ಇಪ್ಪತ್ತನೇ ಪುಟದಲ್ಲಿ ಕೂತವನಿಗೆ ಪಟ್ಟಿಯ ಮೊದಲ ಅರ್ಥವೇ ಸರಿ ಅನಿಸುತ್ತದೆ. ಆಮೇಲೆ ಟೈಪು ಮಾಡಿಕೊಂಡ ಪಠ್ಯದಲ್ಲಿ ಕಂಪ್ಯೂಟರಿನಿಂದಲೇ ಹುಡುಕಿ ಬದಲಿಸಿದೆ. ಪಿಟಿ ಇದ್ದಲ್ಲೆಲ್ಲ ‘ರೋಗಿ’ ಬಂತು. ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆಯೂ ಪಿಟಿಯೇ. ಹಾಗಾಗಿ ಅನುವಾದದಲ್ಲಿ ‘ರೋಗಿ: 14 ಸೆಕೆಂಡು’ ಎಂದು ಅಚ್ಚಾಯಿತು. ಫಿಸಿಯೋಥೆರಪಿಯೂ ಪಿಟಿ, ಆದ್ದರಿಂದ ‘ದಿನಕ್ಕೆ ಎರಡು ಬಾರಿ ರೋಗಿ’ ಎಂದೂ ಇತ್ತು. ಮೂವತ್ತೆಂಟು ಪುಟ ಪುನಃ ಮಾಡಿಕೊಡಬೇಕಾಯಿತು, ನೋಟರಿ ಖರ್ಚೂ ಕೈಯಿಂದಲೇ. ಆಗ ಪುಟಕ್ಕೆ ನೂರೈವತ್ತರ ಹತ್ತಿರ ಸಿಗುತ್ತಿತ್ತು, ಲೆಕ್ಕ ಹಾಕಿಕೊಳ್ಳಿ.

ಈಗ ಮೊದಲ ಓದಿನಲ್ಲಿ ಒಂದು ಅಕ್ಷರವನ್ನೂ ಅನುವಾದ ಮಾಡುವುದಿಲ್ಲ. ಜೆರಾಕ್ಸ್ ಪ್ರತಿಯಲ್ಲಿ ಪ್ರತಿಯೊಂದು ಶಾರ್ಟ್‌ಫಾರ್ಮಿಗೂ ಪೆನ್ಸಿಲ್ ಸುತ್ತು ಹಾಕಿ, ಯಾರ ಕೈಯದ್ದು ಎಂದು ಪಕ್ಕದಲ್ಲಿ ಗುರುತು ಹಾಕುತ್ತೇನೆ: ಅ, ಆ, ಇ ಹೀಗೆ. ಒಂದೇ ವಿಭಾಗದಲ್ಲಿ ಕೂತು ಬರೆಯುವ ಒಬ್ಬ ಡಾಕ್ಟರ್ ಒಂದು ಶಾರ್ಟ್‌ಫಾರ್ಮನ್ನು ಸಾಮಾನ್ಯವಾಗಿ ಒಂದೇ ಅರ್ಥದಲ್ಲಿ ಬಳಸುತ್ತಾನೆ. ಆದರೆ ಅದೇ ಕಡತದ ಮುಂದಿನ ಹಾಳೆ ಬೇರೆಯವನದ್ದಾದರೆ ಆ ಭರವಸೆ ಅಲ್ಲಿಗೇ ಮುಗಿಯಿತು. ಸಹಿಯ ಕೆಳಗಿನ ಸೀಲು ಅರ್ಧ ಮೂಡಿದ್ದರೂ ಸಾಕು, ವಿಭಾಗ ಗೊತ್ತಾಗುತ್ತದೆ.

ಅರ್ಥದ ಜಗಳಕ್ಕೆ ಮೊದಲು ಅಕ್ಷರದ ಜಗಳ ತೀರಬೇಕು. ಎಂಆರ್ ಮತ್ತು ಎಂಎಸ್ ಅವಸರದ ಕೈಯಲ್ಲಿ ಒಂದೇ ರೀತಿ ಕಾಣುತ್ತವೆ. ಎರಡೂ ಒಂದೇ ಹೃದಯ ಕವಾಟದ ತೊಂದರೆಗಳಾದರೂ ಎಂಆರ್ ಎಂದರೆ ಸೋರುವುದು, ಎಂಎಸ್ ಎಂದರೆ ಕಿರಿದಾಗುವುದು. ಅದೇ ಕೈಯ ಬರಹದಲ್ಲಿ ಅನುಮಾನವೇ ಇಲ್ಲದ ಪದವೊಂದನ್ನು ಹುಡುಕಿ. ಸಿರಪ್‌ನ ಮೊದಲಕ್ಷರ ಅವನ ಎಸ್. ಔಷಧಿ ಚೀಟಿಯ ತಲೆಯಲ್ಲಿ ಹಾಕುವ ಆರ್‌ಎಕ್ಸ್‌ನಿಂದ ಆರ್ ತೆಗೆಯಬೇಡಿ, ಅದು ಅಕ್ಷರವಾಗಿ ಉಳಿದಿಲ್ಲ, ಚಿಹ್ನೆಯಾಗಿದೆ. ರೇನಿಟಿಡಿನ್, ರಿಫಾಂಪಿಸಿನ್‌ನಂಥ ಮಾತ್ರೆಯ ಹೆಸರಿನ ಆರ್ ನಂಬಬಹುದು. ಅಂಥ ನಾಲ್ಕೈದು ಅಕ್ಷರ ಹೆಕ್ಕಿ ಒಂದು ಚೀಟಿಯಲ್ಲಿ ನಕಲು ಮಾಡಿಟ್ಟರೆ ಆ ಕೈ ಇಡೀ ಕಡತದುದ್ದಕ್ಕೂ ಓದಲಿಕ್ಕೆ ಬರುತ್ತದೆ. ಫೋನಿನಲ್ಲಿ ತೆಗೆದ ಫೋಟೋ ಇದಕ್ಕೆ ಆಗುವುದಿಲ್ಲ, ನೆರಳು ಬಿದ್ದು ಗೆರೆ ನುಂಗುತ್ತದೆ. ಮೂಲ ಹಾಳೆಯನ್ನು ಕಿಟಕಿ ಗಾಜಿಗೆ ಹಿಡಿದು ನೋಡಿದೆ, ಪೆನ್ನು ಒತ್ತಿದ ಕಡೆ ಚೆನ್ನಾಗಿ ಕಂಡಿತು. ಆದರೆ ಹಿಂಬದಿಯಲ್ಲೂ ಬರೆದಿದ್ದರೆ ಎರಡೂ ಕಲಸಿಹೋಗುತ್ತವೆ.

ಅಕ್ಷರ ಖಚಿತವಾದ ಮೇಲೆ ಪಕ್ಕದಲ್ಲಿ ಏನಿದೆ ಎಂದು ನೋಡಬೇಕು. ಪಿಆರ್ ಇದಕ್ಕೆ ಒಳ್ಳೆಯ ಉದಾಹರಣೆ. ಪಕ್ಕದಲ್ಲಿ 92 ಇದ್ದರೆ ನಾಡಿ ಬಡಿತ. 0.16 ಇದ್ದರೆ ಇಸಿಜಿಯಲ್ಲಿನ ಒಂದು ಅಂತರ, ಸೆಕೆಂಡಿನಲ್ಲಿ. ‘ಟ್ರಿವಿಯಲ್’ ಎಂದಿದ್ದರೆ ಎಕೋ ವರದಿಯ ಮಾತು, ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ ಕವಾಟದ ಸಣ್ಣ ಸೋರಿಕೆ. ಹೊಟ್ಟೆಯ ಪರೀಕ್ಷೆಯ ಕೆಳಗೆ ನಡುವೆ ಓರೆಗೆರೆ ಹಾಕಿ ಬರೆದು ಮುಂದೆ ಸಂಖ್ಯೆ ಇಲ್ಲದಿದ್ದರೆ ಗುದದ್ವಾರದ ಪರೀಕ್ಷೆ. ಸ್ತನದ ಗಡ್ಡೆಯ ವರದಿಯಲ್ಲಿ ಇಆರ್ ಜೊತೆ ಬಂದರೆ ಹಾರ್ಮೋನ್ ಗ್ರಾಹಿ. ಮುಂದಿರುವ ಸಂಖ್ಯೆ ಮತ್ತು ಅದರ ಅಳತೆ ಹೇಳುವಷ್ಟನ್ನು ಯಾವ ನಿಘಂಟೂ ಹೇಳುವುದಿಲ್ಲ.

ಎಂಆರ್ ಕಷ್ಟವಾಗುವುದು ಇಲ್ಲಿಯೇ. ಅದಕ್ಕೆ ಹೆಚ್ಚಾಗಿ ಸಂಖ್ಯೆ ಬರುವುದಿಲ್ಲ. ಒಂದು ಅರ್ಥ ಹೃದಯದ ಮೈಟ್ರಲ್ ಕವಾಟದ ಸೋರಿಕೆ, ಇನ್ನೊಂದು ಬುದ್ಧಿಮಾಂದ್ಯತೆ. ಎರಡಕ್ಕೂ ಮೈಲ್ಡ್, ಮಾಡರೇಟ್, ಸಿವಿಯರ್ ಎಂದೇ ಬರೆಯುತ್ತಾರೆ. ನಮ್ಮ ಜಿಲ್ಲೆಯ ಕಡತಗಳಲ್ಲಿ, ಗೇರುತೋಟಗಳಿಗೆ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ನಡೆಸಿದ ಕ್ಯಾಂಪಿನ ಹಾಳೆಗಳು ಇರುವುದರಿಂದ ಅನುವಾದಕನ ಕೈ ತಾನಾಗಿ ಎರಡನೆಯ ಅರ್ಥಕ್ಕೇ ಹೋಗುತ್ತದೆ. ಅಭ್ಯಾಸವಾಗಿಬಿಟ್ಟಿದೆ.

ಒಂದು ಸಾಲು ತೆಗೆದುಕೊಳ್ಳಿ. ಎಂಟು ವರ್ಷದ ಹುಡುಗಿಯ ಫಾಲೋಅಪ್ ಹಾಳೆ: ‘ಕೆ/ಸಿ/ಒ ಡೌನ್ಸ್, ಎಂಆರ್, ಎವಿಎಸ್‌ಡಿ – ಎಸ್/ಪಿ ರಿಪೇರಿ, ಮೈಲ್ಡ್ ಎಂಆರ್’. ಕೆಳಗೆ ‘ಪಿಎಸ್‌ಎಂ ಏಪೆಕ್ಸ್’, ಕೊನೆಗೆ ‘ಐಇ ಪ್ರೊಫೈಲಾಕ್ಸಿಸ್’. ಕೆ/ಸಿ/ಒ ಎಂದರೆ ಮೊದಲೇ ಗೊತ್ತಿರುವ ತೊಂದರೆ, ಎಸ್/ಪಿ ಎಂದರೆ ಆಗಿಹೋದ ಚಿಕಿತ್ಸೆ. ಒಬ್ಬನೇ ಡಾಕ್ಟರ್, ಒಂದೇ ಪೆನ್ನು, ಒಂದೇ ಸಾಲು. ಒಂದು ಕೈಗೆ ಒಂದೇ ಅರ್ಥ ಎಂಬ ನನ್ನ ನಿಯಮ ಇಲ್ಲಿ ಮುರಿಯಿತು. ಎರಡೂ ಒಂದೇ ಆಗಿದ್ದರೆ ಎರಡು ಸಲ ಯಾಕೆ ಬರೆಯುತ್ತಾನೆ?

ಸಾಲಿನ ಕ್ರಮ ನೋಡಿ. ಮೊದಲು ಹುಟ್ಟಿನಿಂದ ಬಂದ ಸ್ಥಿತಿ, ಆಮೇಲೆ ಬೆಳವಣಿಗೆ, ಆಮೇಲೆ ಹೃದಯ, ಆಮೇಲೆ ಆಪರೇಷನ್, ಕೊನೆಗೆ ಆಪರೇಷನ್ ಆದ ಮೇಲೂ ಉಳಿದದ್ದು. ಡೌನ್ಸ್ ಇರುವ ಮಕ್ಕಳಲ್ಲಿ ಎವಿಎಸ್‌ಡಿ, ಅಂದರೆ ಹೃದಯದ ನಡುಗೋಡೆಯಲ್ಲೂ ಕವಾಟಗಳಲ್ಲೂ ಇರುವ ಹುಟ್ಟು ದೋಷ, ಹೆಚ್ಚಾಗಿ ಕಾಣುತ್ತದೆ. ಅದನ್ನು ಸರಿಪಡಿಸಿದ ಮೇಲೂ ಎಡಬದಿಯ ಕವಾಟ, ಅಂದರೆ ಮೈಟ್ರಲ್‌ನ ಜಾಗದಲ್ಲಿರುವುದು, ಸ್ವಲ್ಪ ಸೋರುವುದುಂಟು. ಆದ್ದರಿಂದ ಎರಡನೇ ಎಂಆರ್ ಕವಾಟದ್ದು ಎಂದು ಅನುಮಾನ ಬಂತು. ಅನುಮಾನಕ್ಕೆ ನಾನು ಸಾಕ್ಷಿ ಎರಡು ಕೇಳುತ್ತೇನೆ, ಒಂದು ಸಾಲದು. ಪಿಎಸ್‌ಎಂ ಎಂದರೆ ಹೃದಯ ಸಂಕುಚಿಸುವ ಹೊತ್ತಿನಲ್ಲೆಲ್ಲ ಕೇಳುವ ಮರ್ಮರ. ಅದು ಏಪೆಕ್ಸ್‌ನಲ್ಲಿ, ಅಂದರೆ ಹೃದಯದ ತುದಿಯಲ್ಲಿ ಕೇಳಿದರೆ ಮೈಟ್ರಲ್ ಕವಾಟದ ಕಡೆಗೇ ಬೆರಳು ತೋರಿಸುತ್ತದೆ. ಎದೆಮೂಳೆಯ ಎಡ ಅಂಚು ಎಂದು ಬರೆದಿದ್ದರೆ ಗೋಡೆಯಲ್ಲಿ ಉಳಿದ ತೂತೂ ಆಗಿರಬಹುದಿತ್ತು, ಆಗ ಇದು ಸಾಕ್ಷಿಯಾಗುತ್ತಿರಲಿಲ್ಲ. ಎರಡನೇ ಸಾಕ್ಷಿ ಅದೇ ಕಡತದ ಅಚ್ಚಾದ ಎಕೋ ವರದಿ: ಎಡ ಎವಿ ಕವಾಟದಲ್ಲಿ ಮೈಲ್ಡ್ ಸೋರಿಕೆ.

ಮೊದಲನೆಯದಕ್ಕೂ ಹಾಗೆಯೇ. ಡೌನ್ಸ್‌ನ ಪಕ್ಕದಲ್ಲಿದೆ ಎಂಬುದು ಸಾಕ್ಷಿಯಲ್ಲ, ಅದು ಬರೀ ಜಾಗ. ಹಿಂದಿನ ಪುಟವೊಂದರಲ್ಲಿ ಮನಃಶಾಸ್ತ್ರಜ್ಞರ ಚೀಟಿ ಇತ್ತು, ಐಕ್ಯೂ 58. ಸುಮಾರು 50ರಿಂದ 69ರ ವರೆಗಿನದ್ದು ಮೈಲ್ಡ್ ಗುಂಪು. ಮಾತು ತಡವಾದದ್ದನ್ನೂ ಬೇರೆ ಕೈಯೊಂದು ಬರೆದಿತ್ತು. ಅಂದರೆ ಎರಡು ಎಂಆರ್‌ಗಳೂ ಮೈಲ್ಡ್! ಆ ಚೀಟಿ ಮೊದಲು ಕಂಡಿದ್ದರೆ ಎರಡನೇ ‘ಮೈಲ್ಡ್ ಎಂಆರ್’ ಅದರದ್ದೇ ಪುನರುಕ್ತಿ ಎಂದು ತಳ್ಳಿಹಾಕುತ್ತಿದ್ದೆ, ಕವಾಟದ ವಿಷಯ ಕನ್ನಡದಲ್ಲಿ ಬರುತ್ತಲೇ ಇರಲಿಲ್ಲ. ಐಇಯನ್ನು ‘ಅಂದರೆ’ ಎಂದು ಬರೆದ ಅನುವಾದವನ್ನೂ ನೋಡಿದ್ದೇನೆ. ಇಲ್ಲಿ ಅದು ಹೃದಯದ ಒಳಪದರದ ಸೋಂಕು. ಹಲ್ಲು ಕೀಳಿಸುವಂಥ ಸಂದರ್ಭದಲ್ಲಿ ಅದನ್ನು ತಡೆಯಲು ಮೊದಲೇ ಆಂಟಿಬಯೋಟಿಕ್ ಕೊಡಬೇಕು ಎಂಬ ಸೂಚನೆ. ಮನೆಯವರು ಓದಲೇಬೇಕಾದ ಸಾಲು ಅದು.

ಕನ್ನಡದಲ್ಲಿ ಎರಡನ್ನೂ ‘ಸೌಮ್ಯ’ ಎಂದರೆ ಇಂಗ್ಲಿಷಿನ ಗೊಂದಲವನ್ನೇ ನಾವು ನಕಲು ಮಾಡಿದ ಹಾಗೆ. ಕವಾಟಕ್ಕೆ ‘ಅಲ್ಪ ಪ್ರಮಾಣದ ಸೋರಿಕೆ’, ಬುದ್ಧಿಗೆ ‘ಸೌಮ್ಯ’ ಎಂದು ಬೇರೆಬೇರೆ ಇಟ್ಟುಕೊಂಡಿದ್ದೇನೆ. ಬುದ್ಧಿಮಾಂದ್ಯತೆ ಎಂಬ ಪದದ ಬಗ್ಗೆ ಜಗಳವಿದೆ. 1995ರ ಕಾಯ್ದೆಯಲ್ಲಿ ಇದ್ದದ್ದು ಆ ಹಳೆಯ ಮಾತು. 2016ರ ಕಾಯ್ದೆ ಬೌದ್ಧಿಕ ಅಂಗವೈಕಲ್ಯ ಎಂಬ ಹೊಸದನ್ನು ತಂದಿತು. ಹಳೆಯ ಹಾಳೆಯಲ್ಲಿ ಎಂಆರ್ ಎಂದಿದ್ದರೆ ನಾನು ಹಳೆಯ ಮಾತನ್ನೇ ಇಡುತ್ತೇನೆ, ಹೊಸದನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತೇನೆ. ದಾಖಲೆ ತಿದ್ದುವುದು ಅನುವಾದಕನ ಕೆಲಸವಲ್ಲ.

ಎಂಡೋಸಲ್ಫಾನ್ ಮಾತು ಬಂತಲ್ಲ, ಒಪಿ ಬಗ್ಗೆಯೂ ಹೇಳಿಬಿಡುತ್ತೇನೆ. ಇಲ್ಲಿ ಒಪಿ ಎಂದರೆ ಮಕ್ಕಳಿಗೂ ಗೊತ್ತು, ಹೊರರೋಗಿ ವಿಭಾಗ. ‘ಒಪಿ ಪಾಯ್ಸನಿಂಗ್’ ಎಂದರೆ ಆರ್ಗನೋಫಾಸ್ಫರಸ್ ಕೀಟನಾಶಕದ ವಿಷ. ಕಡತ ಗೇರುತೋಟದ ಊರಿನದ್ದಾದರೆ ಅದನ್ನು ‘ಎಂಡೋಸಲ್ಫಾನ್ ವಿಷ’ ಎಂದು ಬರೆಯುವವರಿದ್ದಾರೆ. ತಪ್ಪು. ಎಂಡೋಸಲ್ಫಾನ್ ಆರ್ಗನೋಕ್ಲೋರಿನ್ ಗುಂಪಿನದ್ದು. ಅಟ್ರೋಪಿನ್, ಪ್ಯಾಮ್ ಎಂಬ ಮದ್ದುಗಳನ್ನು ಕೊಟ್ಟದ್ದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದು ಬರೆದಿದ್ದರೆ ಒಪಿ ಖಚಿತ, ಅದನ್ನು ಹಾಗೆಯೇ ಕನ್ನಡಕ್ಕೆ ತನ್ನಿ.

ಸಾಕ್ಷಿ ಎರಡು ಸಿಗದಲ್ಲಿ ಅಕ್ಷರಗಳನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಇಟ್ಟು, ಸಾಧ್ಯವಿರುವ ಅರ್ಥಗಳನ್ನು ಚೌಕ ಆವರಣದಲ್ಲಿ ‘ಅನುವಾದಕರ ಟಿಪ್ಪಣಿ’ ಎಂದು ಕೊಡುತ್ತೇನೆ. ಅದಕ್ಕೂ ಮೊದಲು ನಿವೃತ್ತ ನರ್ಸ್ ಒಬ್ಬರಿಗೆ ತೋರಿಸುತ್ತೇನೆ, ಒಂದು ಸಂಶಯಕ್ಕೆ ಮೂವತ್ತು ರೂಪಾಯಿ. ಮೊದಲು ಕಡತಕ್ಕೆ ಏಳೆಂಟು ಸಂಶಯ ಹೋಗುತ್ತಿತ್ತು, ಈಗ ಒಂದೆರಡು. ಎರಡು ಅರ್ಥವನ್ನೂ ಮುಂದಿಟ್ಟು ಅವರನ್ನು ಕೇಳಬಾರದು. ಅಕ್ಷರ ಮತ್ತು ಅದರ ಸುತ್ತಿನ ಎರಡು ಸಾಲು ಮಾತ್ರ ತೋರಿಸಬೇಕು. ಕಡತದ ಹಾಳೆಗಳನ್ನು ಯಾವ ಕ್ರಮದಲ್ಲಿ ಜೋಡಿಸಿಕೊಂಡು ಓದುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು. ತಾರೀಖಿನ ಕ್ರಮವಲ್ಲ ಎಂದಷ್ಟೇ ಹೇಳಬಲ್ಲೆ.

ಒಂಟಿ ಚೀಟಿಗೆ ಈ ಕ್ರಮ ನಡೆಯುವುದಿಲ್ಲ. ‘ಎಂಎಸ್, ರಿವ್ಯೂ 3 ತಿಂಗಳು’ ಎಂದಷ್ಟೇ ಇರುವ ಒಂದು ಹಾಳೆ ಹಿಡಿದು ಬರುತ್ತಾರೆ. ಕಿರಿದಾದ ಕವಾಟವೋ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವೋ ಆ ಹಾಳೆಯಿಂದ ತಿಳಿಯುವುದಿಲ್ಲ. ಮಾತ್ರೆಯ ಚೀಟಿಯನ್ನೋ, ಖಾಲಿ ಸ್ಟ್ರಿಪ್ಪನ್ನೋ ತನ್ನಿ ಎಂದು ಹೇಳಿ ಹಾಳೆ ವಾಪಸು ಕೊಡುತ್ತೇನೆ, ಹಣ ಮುಟ್ಟುವುದಿಲ್ಲ.