ಫ್ರಾಂಕ್‌ಫರ್ಟೋ, ಹಾನೋ? ವಿಮಾನದ ಟಿಕೆಟ್ಟಿನ ಜೊತೆಗೆ ನೆಲದ ದಾರಿಯ ಲೆಕ್ಕ

ಜರ್ಮನಿಯ ಫ್ರಾಂಕ್‌ಫರ್ಟ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ರಜೆಗೆಂದು ಯುರೋಪಿನೊಳಗಿನ ವಿಮಾನ ಹುಡುಕುವಾಗ ಪರದೆಯ ಮೇಲೆ ಎರಡು ಸಂಕೇತಗಳನ್ನು ಕಾಣುತ್ತಾರೆ. FRA ಎಂದರೆ ನಗರಕ್ಕೆ ಅಂಟಿಕೊಂಡಂತಿರುವ ದೊಡ್ಡ ವಿಮಾನ ನಿಲ್ದಾಣ. HHN ಎಂದರೆ ಹಾನ್. ಹುಡುಕಾಟದ ಪಟ್ಟಿಯಲ್ಲಿ ಅದರ ಪಕ್ಕದಲ್ಲಿಯೂ ಹಲವೊಮ್ಮೆ ಫ್ರಾಂಕ್‌ಫರ್ಟ್ ಎಂಬ ಹೆಸರೇ ಇರುತ್ತದೆ. ಆದರೆ ಹಾನ್ ಇರುವುದು ನಗರದಿಂದ ಸುಮಾರು 120 ಕಿಲೋಮೀಟರ್ ಪಶ್ಚಿಮಕ್ಕೆ, ಬೇರೆಯೇ ರಾಜ್ಯವಾದ ರೈನ್‌ಲ್ಯಾಂಡ್-ಪ್ಯಾಲಟಿನೇಟಿನ ಹುನ್ಸ್‌ರ್ಯೂಕ್ ಗುಡ್ಡಗಾಡಿನಲ್ಲಿ. ಅಲ್ಲಿಂದ ಹೊರಡುವ ಟಿಕೆಟ್ಟು ಹೆಚ್ಚಿನ ಸಲ ಅಗ್ಗ, ಅಲ್ಲಿಗೆ ಹೋಗುವ ದಾರಿ ಯಾವಾಗಲೂ ದುಬಾರಿ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ.

ಮೊದಲು ಹಾನ್‌ನ ಸ್ವಭಾವವನ್ನು ತಿಳಿದುಕೊಳ್ಳಬೇಕು. ಅದು 1993ರವರೆಗೆ ಅಮೆರಿಕದ ವಾಯುಪಡೆಯ ನೆಲೆಯಾಗಿತ್ತು. ಊರಿನ ಜನರ ಓಡಾಟಕ್ಕಾಗಿ ಕಟ್ಟಿದ ಜಾಗವಲ್ಲದ ಕಾರಣ ಇಂದಿಗೂ ಅಲ್ಲಿಗೆ ಪ್ರಯಾಣಿಕರ ರೈಲು ಹೋಗುವುದಿಲ್ಲ. ಬಸ್ಸು ಅಥವಾ ಕಾರು, ಇವೆರಡೇ ದಾರಿ. ಫ್ರಾಂಕ್‌ಫರ್ಟಿನ ದೊಡ್ಡ ನಿಲ್ದಾಣದಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ನಿಗದಿತ ವಿಮಾನಗಳ ಹಾರಾಟಕ್ಕೆ ನಿಷೇಧವಿದ್ದರೆ, ಹಾನ್‌ಗೆ ಇಪ್ಪತ್ನಾಲ್ಕು ಗಂಟೆಯೂ ಹಾರಾಟದ ಅನುಮತಿಯಿದೆ. ಕಡಿಮೆ ದರದ ಕಂಪನಿಗಳು ಒಂದೇ ವಿಮಾನವನ್ನು ದಿನಕ್ಕೆ ಆದಷ್ಟು ಹೆಚ್ಚು ಸಲ ಹಾರಿಸಿ ದರವನ್ನು ಇಳಿಸುವುದರಿಂದ ಅವುಗಳಿಗೆ ನಸುಕಿನ ಮತ್ತು ತಡರಾತ್ರಿಯ ಹೊತ್ತುಗಳು ಬೇಕಾಗುತ್ತವೆ. ಅಂದರೆ ಟಿಕೆಟ್ಟನ್ನು ಅಗ್ಗವಾಗಿಸುವ ಕಾರಣಗಳಲ್ಲಿ ಒಂದು, ಬಸ್ಸು ಸಿಗದ ಹೊತ್ತಿನಲ್ಲಿ ನಿಮ್ಮನ್ನು ಅಲ್ಲಿ ನಿಲ್ಲಿಸುವ ಕಾರಣವೂ ಹೌದು.

ದೊಡ್ಡ ನಿಲ್ದಾಣದ ಕಡೆಯ ಲೆಕ್ಕ ಸುಲಭ. ನಗರದ ಮುಖ್ಯ ರೈಲು ನಿಲ್ದಾಣದಿಂದ S8 ಅಥವಾ S9 ಹತ್ತಿದರೆ ಹನ್ನೆರಡು ನಿಮಿಷಗಳ ಆಸುಪಾಸಿನಲ್ಲಿ ವಿಮಾನ ನಿಲ್ದಾಣ ತಲುಪಬಹುದು. ನಮ್ಮಲ್ಲಿ ಅನೇಕರು ಕೆಲಸಕ್ಕೆ ಓಡಾಡಲು ಡಾಯ್ಚ್‌ಲ್ಯಾಂಡ್ ಟಿಕೆಟ್ ಇಟ್ಟುಕೊಂಡಿರುತ್ತಾರೆ. 2026ರ ಜನವರಿಯಿಂದ ಅದರ ದರ ತಿಂಗಳಿಗೆ 63 ಯೂರೋ. ಆ ಹಣ ಹೇಗಿದ್ದರೂ ಖರ್ಚಾಗುವಂಥದ್ದು. ಆದ್ದರಿಂದ ಅದನ್ನು ಹೊಂದಿರುವವರಿಗೆ ವಿಮಾನ ನಿಲ್ದಾಣದವರೆಗಿನ ಎಸ್-ಬಾನ್ ಪ್ರಯಾಣದ ಹೆಚ್ಚುವರಿ ಖರ್ಚು ಸೊನ್ನೆ ಎಂದೇ ಹಿಡಿಯಬೇಕು. ಅದೇ ಟಿಕೆಟ್ಟು ನಗರದಿಂದ ಹಾನ್‌ಗೆ ನೇರವಾಗಿ ಓಡುವ ಖಾಸಗಿ ಬಸ್ಸುಗಳಲ್ಲಿ ನಡೆಯುವುದಿಲ್ಲ. ಹೊಸದಾಗಿ ಬಂದವರು ಎಡವುವುದು ಇಲ್ಲಿಯೇ: ಎರಡೂ ಕಡೆಗೆ ತಮ್ಮ ಪಾಸು ನಡೆಯುತ್ತದೆ ಎಂದು ನಂಬಿ ವಿಮಾನದ ದರವನ್ನು ಮಾತ್ರ ಹೋಲಿಸಿ ನೋಡುತ್ತಾರೆ.

ಈಗ ಒಂದು ಪ್ರಯಾಣವನ್ನು ಹಿಡಿದು ಲೆಕ್ಕ ಹಾಕೋಣ. ಇಲ್ಲಿನ ದರಗಳು ನಾನು ಉದಾಹರಣೆಗಾಗಿ ಇಟ್ಟುಕೊಂಡವು. ನೀವು ಹುಡುಕುವ ದಿನದ ದರಗಳನ್ನು ಅವುಗಳ ಜಾಗದಲ್ಲಿ ತುಂಬಿಕೊಳ್ಳಿ. ಒಂದು ವಾರದ ರಜೆಗೆ ಮಯೋರ್ಕಾ ದ್ವೀಪಕ್ಕೆ ಹೋಗಿ ಬರಲು FRAಯಿಂದ ತಲೆಗೆ 165 ಯೂರೋ, HHNನಿಂದ 110 ಯೂರೋ ಇದೆ ಎಂದುಕೊಳ್ಳಿ. ವ್ಯತ್ಯಾಸ 55 ಯೂರೋ. ಹಾನ್ ಬಸ್ಸಿಗೆ ಒಂದು ದಾರಿಗೆ 20 ಯೂರೋ ಎಂದಿಟ್ಟರೆ ಹೋಗಿ ಬರಲು 40.

ಒಬ್ಬರೇ ಹೋಗುವವರು ಉಳಿಸುವುದು 15 ಯೂರೋ. ಬಸ್ಸು ಸುಮಾರು ಒಂದೂಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಎಸ್-ಬಾನ್‌ಗಿಂತ ಒಂದು ದಾರಿಗೆ ಒಂದೂವರೆ ಗಂಟೆ ಹೆಚ್ಚು, ಎರಡೂ ದಾರಿ ಸೇರಿ ಮೂರು ಗಂಟೆ. ಅಂದರೆ ನಿಮ್ಮ ಬಿಡುವಿನ ಒಂದೊಂದು ಗಂಟೆಯನ್ನೂ 5 ಯೂರೋಗೆ ಮಾರಿದಂತಾಗುತ್ತದೆ. ಹಾನ್ ಚಿಕ್ಕ ನಿಲ್ದಾಣವಾದ್ದರಿಂದ ಒಳಗೆ ನಡೆಯುವ ದೂರ ಕಡಿಮೆ, ಅಲ್ಲಿ ಅರ್ಧ ಗಂಟೆ ಮರಳಿ ಸಿಗಬಹುದು ಎಂಬುದನ್ನು ಒಪ್ಪಿಕೊಂಡರೂ ಒಬ್ಬರೇ ಹೋಗುವಾಗ ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ಹಾನ್ ಆಯ್ಕೆ ಮಾಡಬಾರದೆಂದೇ ನನ್ನ ಅಭಿಪ್ರಾಯ.

ಕಾರಿನ ಲೆಕ್ಕದ ಸ್ವರೂಪವೇ ಬೇರೆ. ಟಿಕೆಟ್ಟಿನ ವ್ಯತ್ಯಾಸ ತಲೆಯ ಮೇಲೆ ಬರುತ್ತದೆ, ಕಾರಿನ ಖರ್ಚು ಕಾರಿನ ಮೇಲೆ ಬರುತ್ತದೆ. ಜರ್ಮನಿಯ ತೆರಿಗೆ ನಿಯಮಗಳು ಕೆಲಸದ ಮೇಲೆ ಸ್ವಂತ ಕಾರಿನಲ್ಲಿ ಊರೂರು ಹೋಗುವವರಿಗೆ ಕಿಲೋಮೀಟರಿಗೆ 30 ಸೆಂಟ್ ಲೆಕ್ಕ ಹಿಡಿಯುತ್ತವೆ. ಇಂಧನದ ಜೊತೆಗೆ ಟೈರು, ಸವಕಳಿ, ದುರಸ್ತಿಗಳೂ ಸೇರಿದ ಈ ಅಂಕಿಯನ್ನೇ ನಾವೂ ಬಳಸಬಹುದು. ಹೋಗಿ ಬರುವ 240 ಕಿಲೋಮೀಟರಿಗೆ 72 ಯೂರೋ ಆಯಿತು. ಒಂದು ವಾರದ ಪಾರ್ಕಿಂಗಿಗೆ 50 ಯೂರೋ ಎಂದರೆ ಒಟ್ಟು 122. ಇಬ್ಬರು ಹೋದರೆ ಟಿಕೆಟ್ಟಿನಲ್ಲಿ ಉಳಿಯುವುದು 110, ಅಂದರೆ 12 ಯೂರೋ ನಷ್ಟ. ಮೂವರು ಹೋದರೆ 165 ಉಳಿಯುತ್ತದೆ, ಆಗ 43 ಯೂರೋ ಲಾಭ. ಎರಡು ಮತ್ತು ಮೂರರ ನಡುವೆ ತಕ್ಕಡಿ ವಾಲುತ್ತದೆ. ರಜೆ ಎರಡು ವಾರದ್ದಾಗಿ ಪಾರ್ಕಿಂಗ್ 100 ಯೂರೋ ಆದರೆ ಕಾರಿನ ಖರ್ಚು 172ಕ್ಕೆ ಏರಿ, ಮೂವರಿಗೂ 7 ಯೂರೋ ನಷ್ಟವೇ. ಪಾರ್ಕಿಂಗ್ ಮಾತ್ರ ದಿನಗಳ ಜೊತೆ ಬೆಳೆಯುತ್ತಾ ಹೋಗುತ್ತದೆ ಎಂಬುದನ್ನು ಗಮನಿಸದೆ, ಹೋದ ವರ್ಷ ಒಂದು ವಾರಕ್ಕೆ ಲಾಭವಾಯಿತೆಂದು ಈ ವರ್ಷ ಹದಿನೈದು ದಿನಕ್ಕೂ ಹಾಗೆಯೇ ಹೊರಡುವವರಿದ್ದಾರೆ.

ಗಂಡ, ಹೆಂಡತಿ, ಏಳು ವರ್ಷದ ಮಗಳು ಮತ್ತು ನಾಲ್ಕು ವರ್ಷದ ಮಗ ಇರುವ ಕುಟುಂಬವನ್ನು ತೆಗೆದುಕೊಳ್ಳಿ. ಎರಡು ವರ್ಷ ದಾಟಿದ ಮಗುವಿಗೆ ವಿಮಾನದಲ್ಲಿ ಪ್ರತ್ಯೇಕ ಸೀಟು ಕೊಳ್ಳಬೇಕು, ಕಡಿಮೆ ದರದ ಕಂಪನಿಗಳಲ್ಲಿ ಅದಕ್ಕೆ ದೊಡ್ಡವರಷ್ಟೇ ಹಣ ಎಂದು ಎಣಿಸಿಕೊಳ್ಳುವುದೇ ಸರಿ. ಹೀಗಾಗಿ ನಾಲ್ವರಿಂದ ಉಳಿಯುವುದು 220 ಯೂರೋ. ಎಸ್-ಬಾನ್‌ನಲ್ಲಿ ಡಾಯ್ಚ್‌ಲ್ಯಾಂಡ್ ಟಿಕೆಟ್ ಇರುವ ಗಂಡ ಹೆಂಡತಿಗೆ ಹೆಚ್ಚುವರಿ ಖರ್ಚಿಲ್ಲ, ಆರು ವರ್ಷದೊಳಗಿನ ಮಗನಿಗೆ ಟಿಕೆಟ್ಟು ಬೇಡ, ಮಗಳಿಗೆ ಮಕ್ಕಳ ಟಿಕೆಟ್ಟು ಹೋಗಿ ಬರಲು 8 ಯೂರೋ ಇರಲಿ. ಹಾನ್‌ಗೆ ನಾಲ್ವರೂ ಬಸ್ಸಿನಲ್ಲಿ ಹೋದರೆ 160 ಯೂರೋ ಆಗುತ್ತದೆ. ಎಸ್-ಬಾನ್‌ನ 8 ಯೂರೋ ಕಳೆದರೆ ನೆಲದ ಮೇಲಿನ ಹೆಚ್ಚುವರಿ ಖರ್ಚು 152, ಕೈಯಲ್ಲಿ ಉಳಿಯುವುದು 68. ಕಾರಿನಲ್ಲಿ ಹೋದರೆ ಹೆಚ್ಚುವರಿ ಖರ್ಚು 114, ಉಳಿಯುವುದು 106. ಹಾನ್ ಗೆದ್ದಂತೆ ಕಾಣುತ್ತದೆ.

ಆದರೆ ಇನ್ನೂ ಪೆಟ್ಟಿಗೆಗಳನ್ನು ಎಣಿಸಿಲ್ಲ. FRAಯ ಟಿಕೆಟ್ಟಿನಲ್ಲಿ ಈ ಕುಟುಂಬಕ್ಕೆ ಬೇಕಾದ ಎರಡು ದೊಡ್ಡ ಪೆಟ್ಟಿಗೆಗಳು ಸೇರಿದ್ದು, HHNನಲ್ಲಿ ಸೀಟಿನ ಕೆಳಗೆ ಹಿಡಿಸುವ ಚಿಕ್ಕ ಚೀಲ ಮಾತ್ರ ಸೇರಿದೆ ಎಂದುಕೊಳ್ಳಿ. ಒಂದು ಪೆಟ್ಟಿಗೆಗೆ ಒಂದು ದಾರಿಗೆ 30 ಯೂರೋ ಎಂದರೂ ಎರಡು ಪೆಟ್ಟಿಗೆಗೆ ಎರಡು ದಾರಿಗೆ 120. ಉಳಿದಿದ್ದ 106 ಯೂರೋ ಕರಗಿ 14 ಯೂರೋ ಕೈಯಿಂದ ಹೋಯಿತು. ಆದ್ದರಿಂದ ಹುಡುಕಾಟದ ಮೊದಲ ಪಟ್ಟಿಯಲ್ಲಿ ಕಾಣುವ ದರಗಳನ್ನು ಹೋಲಿಸಬೇಡಿ. ಎರಡೂ ಕಡೆ ಹಣ ಕಟ್ಟುವ ಪುಟದ ಹಿಂದಿನ ಹೆಜ್ಜೆಯವರೆಗೂ ಹೋಗಿ, ಪೆಟ್ಟಿಗೆ ಮತ್ತು ಮಕ್ಕಳ ಪಕ್ಕದ ಸೀಟು ಸೇರಿದ ಮೊತ್ತವನ್ನು ಬರೆದುಕೊಂಡು ಅವುಗಳನ್ನು ಹೋಲಿಸಿ.

ದರಕ್ಕಿಂತಲೂ ಹೆಚ್ಚು ತೊಂದರೆ ಕೊಡುವುದು ಗಂಟೆ. ಒಮ್ಮೆ ನಾನು ರಾತ್ರಿ ಒಂಬತ್ತೂವರೆಗೆ ಹಾನ್‌ನಲ್ಲಿ ಇಳಿಯಬೇಕಿದ್ದ ವಿಮಾನಕ್ಕೆ ಟಿಕೆಟ್ಟು ಕೊಂಡು, ಕೊನೆಯ ಬಸ್ಸಿಗೆ ಮುಂಗಡವಾಗಿ ಹಣ ಕಟ್ಟಿದ್ದೆ. ವಿಮಾನ ಎರಡು ಗಂಟೆ ತಡವಾಯಿತು. ಬಸ್ಸು ಹೋಗಿತ್ತು, ಟ್ಯಾಕ್ಸಿಯವರು ಹೇಳಿದ ಮೊತ್ತ ನನ್ನ ವಿಮಾನದ ಟಿಕೆಟ್ಟಿನ ದುಪ್ಪಟ್ಟಿಗಿಂತ ಹೆಚ್ಚಿತ್ತು, ಬೆಳಗಿನ ಮೊದಲ ಬಸ್ಸಿನವರೆಗೆ ಬೆಂಚಿನ ಮೇಲೆ ಕೂತಿದ್ದೆ. ಯುರೋಪಿನ ನಿಯಮದ ಪ್ರಕಾರ ಪರಿಹಾರದ ಹಕ್ಕು ಹುಟ್ಟುವುದು ವಿಮಾನ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗಿ ತಲುಪಿದಾಗ; ಎರಡು ಗಂಟೆಯ ತಡಕ್ಕೆ ಆ ಪರಿಹಾರದ ಹಣ ಸಿಗುವುದಿಲ್ಲ. ಹೋಗುವಾಗ ಬಸ್ಸು ತಡವಾಗಿ ವಿಮಾನ ತಪ್ಪಿದರೂ ವಿಮಾನ ಕಂಪನಿಗೆ ಅದರ ಹೊಣೆಯಿಲ್ಲ. ಅಂದಿನಿಂದ ನಾನು ಅನುಸರಿಸುವ ಕ್ರಮ ಇದು: ವಿಮಾನದ ಟಿಕೆಟ್ಟು ಕೊಳ್ಳುವ ಮೊದಲೇ ಬಸ್ಸಿನ ವೇಳಾಪಟ್ಟಿಯನ್ನು ಅದೇ ದಿನಾಂಕಕ್ಕೆ ತೆಗೆದು ನೋಡುತ್ತೇನೆ, ಇಳಿದ ಎರಡೂವರೆ ಗಂಟೆಯ ನಂತರವೂ ಒಂದು ಬಸ್ಸು ಉಳಿದಿದ್ದರೆ ಮಾತ್ರ ಬಸ್ಸನ್ನು ನಂಬುತ್ತೇನೆ. ಇಲ್ಲವಾದರೆ ಕಾರು, ಅದೂ ಇಲ್ಲವಾದರೆ FRA. ನಸುಕಿನ ವಿಮಾನಕ್ಕೂ ಹೀಗೆಯೇ ನೋಡಬೇಕು, ಹಿಂದಿನ ರಾತ್ರಿ ಅಲ್ಲಿಯೇ ತಂಗಬೇಕಾದರೆ ಹೋಟೆಲಿನ ಖರ್ಚನ್ನೂ ಟಿಕೆಟ್ಟಿನ ದರಕ್ಕೆ ಕೂಡಿಸಬೇಕು.

ಇಷ್ಟು ಹೊತ್ತು ಫ್ರಾಂಕ್‌ಫರ್ಟ್ ನಗರದವರ ಲೆಕ್ಕ ಹೇಳಿದೆ. ನೀವು ಕೊಬ್ಲೆಂಜ್, ಟ್ರಿಯರ್ ಅಥವಾ ಬಿಂಗನ್ ಕಡೆಯವರಾದರೆ ಈ ಎರಡರಲ್ಲಿ ಹಾನ್ ನಿಜವಾಗಿಯೂ ನಿಮಗೆ ಹತ್ತಿರದ ನಿಲ್ದಾಣ. ಕಾರಿನಲ್ಲಿ ಇಬ್ಬರು ಹೋದರೂ ಅದೇ ಅಗ್ಗವಾಗಬಹುದು. ಮೈನ್ಸ್‌ನವರು ನಡುವೆ ಇದ್ದಾರೆ: S8 ಅವರನ್ನು ನೇರವಾಗಿ FRAಗೆ ಒಯ್ಯುತ್ತದೆ, ಹಾನ್‌ಗಿರುವ ದೂರವೂ ನಗರದವರಿಗಿಂತ ಕಡಿಮೆ. ಅಂಥವರು ಮೇಲಿನ 240ರ ಜಾಗದಲ್ಲಿ ತಮ್ಮ ಮನೆಯಿಂದ ಹೋಗಿ ಬರುವ ಕಿಲೋಮೀಟರ್ ಇಟ್ಟು ಮತ್ತೆ ಲೆಕ್ಕ ಹಾಕಬೇಕು.

ಎರಡೂ ನಿಲ್ದಾಣಗಳನ್ನು ಬೆರೆಸುವವರಿಗೆ ಒಂದು ಮಾತು. ಹೋಗುವಾಗ HHN, ಬರುವಾಗ FRA ಎಂದು ಬಿಡಿ ಟಿಕೆಟ್ಟು ಕೊಂಡರೆ ಕಾರು ಹಾನ್‌ನಲ್ಲಿ ಉಳಿದು ನೀವು ಇತ್ತ ಇಳಿಯುತ್ತೀರಿ. ಹೀಗೆ ಮಾಡುವುದಿದ್ದರೆ ಎರಡೂ ದಾರಿಗೆ ಬಸ್ಸು, ರೈಲನ್ನೇ ನೆಚ್ಚಿಕೊಳ್ಳಿ. ಬೆಂಗಳೂರಿನಿಂದ FRAಗೆ ಬಂದಿಳಿಯುವ ತಂದೆತಾಯಿಯನ್ನು ಅದೇ ದಿನ ಹಾನ್‌ನಿಂದ ಬೇರೆ ಟಿಕೆಟ್ಟಿನಲ್ಲಿ ಮುಂದಕ್ಕೆ ಕಳಿಸುವ ಯೋಚನೆಯನ್ನಂತೂ ಕೈಬಿಡಿ. ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿ ಕಾಯುವುದಿಲ್ಲ, ಹಣವನ್ನೂ ಮರಳಿಸುವುದಿಲ್ಲ, ಪೆಟ್ಟಿಗೆಗಳನ್ನು ಎತ್ತಿಕೊಂಡು ಬಸ್ಸಿನ ಉದ್ದನೆಯ ದಾರಿಯನ್ನು ಹಿರಿಯರು ಸವೆಸಬೇಕಾಗುತ್ತದೆ.

ಕಂಪನಿಯೇ ನಿಮ್ಮನ್ನು ನೀವು ಕೊಂಡ ನಿಲ್ದಾಣ ಬಿಟ್ಟು ಇನ್ನೊಂದಕ್ಕೆ ಒಯ್ದರೆ ಮಾತ್ರ ನೆಲದ ಖರ್ಚು ನಿಮ್ಮದಲ್ಲ. ಯುರೋಪಿಯನ್ ಒಕ್ಕೂಟದ 261/2004ನೇ ನಿಯಮದ 8ನೇ ವಿಧಿಯ ಪ್ರಕಾರ, ಒಂದು ಪ್ರದೇಶಕ್ಕೆ ಹಲವು ವಿಮಾನ ನಿಲ್ದಾಣಗಳಿದ್ದು, ರದ್ದಾದ ವಿಮಾನದ ಬದಲಿಗೆ ಕಂಪನಿ ಬೇರೆ ನಿಲ್ದಾಣಕ್ಕೆ ಹಾರಿಸಿದರೆ, ಅಲ್ಲಿಂದ ಮೊದಲು ಗೊತ್ತಾಗಿದ್ದ ನಿಲ್ದಾಣಕ್ಕೆ ಅಥವಾ ನೀವು ಒಪ್ಪಿದ ಹತ್ತಿರದ ಜಾಗಕ್ಕೆ ತಲುಪಿಸುವ ಖರ್ಚನ್ನು ಅದೇ ಹೊರಬೇಕು. ಹಾಗಾದಾಗ ಮೊದಲು ಕಂಪನಿಯ ಸಿಬ್ಬಂದಿಯ ಬಳಿ ಬಸ್ಸಿನ ವ್ಯವಸ್ಥೆ ಕೇಳಿ. ಮಾಡದಿದ್ದರೆ ನೀವೇ ಹಣ ಕೊಟ್ಟು ಹೋಗಿ, ರಸೀದಿಯನ್ನು ಮತ್ತು ವಿಮಾನ ಬದಲಾದದ್ದನ್ನು ತಿಳಿಸಿದ ಸಂದೇಶವನ್ನು ಜೋಪಾನವಾಗಿಟ್ಟುಕೊಂಡು ಆ ವಿಧಿಯನ್ನು ಹೆಸರಿಸಿ ಬರಹದಲ್ಲಿ ಕೇಳಿ.