ದಿನಕ್ಕೊಂದು ತತ್ತಿ ನಿಮಗೆ ಒಗ್ಗುತ್ತದೆಯೇ? ನೋಡಿಕೊಳ್ಳುವುದು ಹೀಗೆ

ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂದ ಮರುದಿನವೇ ಬಾಗಲಕೋಟೆಯ ಮನೆಗಳಲ್ಲಿ ತತ್ತಿಯ ಹಳದಿ ಕಸದ ಬುಟ್ಟಿಗೆ ಹೋಗುತ್ತದೆ. ಉಳಿದ ಬಿಳಿ ಭಾಗ ಬೆಣ್ಣೆಯಲ್ಲಿ ಹುರಿದು ಪಾವ್ ಜೊತೆ ಹೊಟ್ಟೆಗೆ ಹೋಗುತ್ತದೆ. ಇದನ್ನು ನೋಡಿ ನೋಡಿ ಸಾಕಾಗಿಯೇ ಇಷ್ಟು ಬರೆಯುತ್ತಿದ್ದೇನೆ.

ಒಂದು ದೊಡ್ಡ ತತ್ತಿಯಲ್ಲಿ ಸುಮಾರು 186 ಮಿಲಿಗ್ರಾಂ ಕೊಲೆಸ್ಟ್ರಾಲ್ ಇರುತ್ತದೆ, ಎಲ್ಲಾ ಹಳದಿಯಲ್ಲೇ. ಆದರೆ ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲನ್ನು ನಮ್ಮ ಯಕೃತ್ತೇ ತಯಾರಿಸುತ್ತದೆ. ಊಟದಲ್ಲಿ ಹೆಚ್ಚು ಬಂದರೆ ಹೆಚ್ಚಿನವರಲ್ಲಿ ಅದು ತನ್ನ ಕೆಲಸ ಕಡಿಮೆ ಮಾಡಿಕೊಳ್ಳುತ್ತದೆ. ಹಾಗಾಗಿ ದಿನಕ್ಕೊಂದು ತತ್ತಿಯಿಂದ ಕೆಟ್ಟ ಕೊಲೆಸ್ಟ್ರಾಲ್ ಅಂತ ಕರೆಯುವ ಎಲ್‌ಡಿಎಲ್ ಸರಾಸರಿ 4 ಅಂಕದಷ್ಟು ಏರಬಹುದು, ಅಷ್ಟೇ. ಕೆಲವರಲ್ಲಿ ಮಾತ್ರ ಇನ್ನೂ ಜಾಸ್ತಿ ಏರುತ್ತದೆ. ನೀವು ಯಾವ ಗುಂಪು ಅಂತ ನಿಮ್ಮ ರಕ್ತವೇ ಹೇಳಬೇಕು. ಅದಕ್ಕೆ ಆರು ವಾರದ ಪರೀಕ್ಷೆ ಇದೆ, ನಾಲ್ಕೇ ಹೆಜ್ಜೆ.

ಮೊದಲು: ಡಾಕ್ಟರನ್ನು ಕೇಳಿ. ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಸಕ್ಕರೆ ಕಾಯಿಲೆಯವರು, ಮನೆತನದಲ್ಲೇ ಕೊಲೆಸ್ಟ್ರಾಲ್ ವಿಪರೀತ ಇರುವವರು ಇದನ್ನು ತಾವೇ ಶುರು ಮಾಡಬಾರದು. ಕೊಲೆಸ್ಟ್ರಾಲ್ ಗುಳಿಗೆಯನ್ನಂತೂ ಬಿಡಲೇಬೇಡಿ.

ಎರಡನೆಯದು: 10ರಿಂದ 12 ಗಂಟೆ ಉಪವಾಸವಿದ್ದು ರಕ್ತದ ಕೊಬ್ಬಿನ ಪರೀಕ್ಷೆ, ಅಂದರೆ ಲಿಪಿಡ್ ಪ್ರೊಫೈಲ್, ಮಾಡಿಸಿ.

ಮೂರನೆಯದು, ಎಲ್ಲರೂ ಎಡವುವ ಜಾಗ. ಆರು ವಾರ ದಿನಕ್ಕೊಂದೇ ತತ್ತಿ, ಬೇಯಿಸಿದ್ದು. ಬೇರೇನೂ ಬದಲಾಗಬಾರದು: ಅದೇ ರೊಟ್ಟಿ, ಅದೇ ಎಣ್ಣೆ, ಅದೇ ನಡಿಗೆ, ಅದೇ ಗುಳಿಗೆ. ಮದುವೆ ಸೀಸನ್‌ನಲ್ಲಿ ಈ ಪರೀಕ್ಷೆ ಬೇಡವೇ ಬೇಡ. ಬೇಯಿಸಿದ್ದೇ ಯಾಕೆ ಅಂತೀರಾ? ಎಲ್‌ಡಿಎಲ್ ಏರಿಸುವುದರಲ್ಲಿ ತತ್ತಿಗಿಂತ ಸ್ಯಾಚುರೇಟೆಡ್ ಕೊಬ್ಬಿನ ಪಾಲು ದೊಡ್ಡದು. ಒಂದು ತತ್ತಿಯಲ್ಲಿ ಅದು ಒಂದೂವರೆ ಗ್ರಾಂ ಚಿಲ್ಲರೆ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ 7 ಗ್ರಾಂ! ಸಂಜೆ ಗಾಡಿಯವನು ತವೆ ಮೇಲೆ ಒಂದು ಚಮಚ, ಪಾವ್‌ಗೆ ಇನ್ನೊಂದು ಸವರಿದರೆ ಲೆಕ್ಕ ತತ್ತಿಯದಲ್ಲ, ಬೆಣ್ಣೆಯದು.

ನವನಗರದ ಒಬ್ಬ ನಿವೃತ್ತ ಮೇಷ್ಟ್ರ ರಿಪೋರ್ಟುಗಳನ್ನೇ ನೋಡಿ. ದಿನಾ ಎರಡು ತತ್ತಿಯ ಆಮ್ಲೆಟ್, ಬೆಣ್ಣೆ ಪಾವ್. ಒಟ್ಟು ಕೊಲೆಸ್ಟ್ರಾಲ್ 198, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 42, ರಕ್ತದ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್ 150. ನಮ್ಮ ಕಡೆ ಬಹಳಷ್ಟು ಲ್ಯಾಬ್‌ಗಳು ಎಲ್‌ಡಿಎಲ್ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ: 198ರಲ್ಲಿ 42 ಕಳೆದು, 150ರ ಐದನೇ ಒಂದು ಭಾಗ 30 ಕಳೆದರೆ 126. ಆಮೇಲೆ ಹಳದಿ ಬಿಟ್ಟರು, ಬೆಣ್ಣೆ ಬಿಡಲಿಲ್ಲ. ಮುಂದಿನ ರಿಪೋರ್ಟ್ 120. "ಹಳದಿ ಬಿಟ್ಟೇನ್ರೀ, ಇನ್ನೇನು ಬಿಡೂದೈತಿ?" ಅಂತ ಸಿಟ್ಟು ಅವರಿಗೆ. ಬೆಣ್ಣೆ ನಿಲ್ಲಿಸಿ, ಬೇಯಿಸಿದ ಒಂದು ಪೂರ್ತಿ ತತ್ತಿ, ಜೋಳದ ರೊಟ್ಟಿ, ಪಲ್ಯ ಶುರು ಮಾಡಿಸಿದೆವು. ಗುಳಿಗೆ ಮೊದಲಿನದೇ. ಎಲ್‌ಡಿಎಲ್ 112.

ಇಲ್ಲಿ ಒಂದು ಮಾತು. "ಕೊಲೆಸ್ಟ್ರಾಲ್ ಇಲ್ಲ" ಅಂತ ಬರೆದ ವನಸ್ಪತಿ ಡಬ್ಬಿ ತರಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಡಬ್ಬಿಯೊಳಗಿನ ಗಟ್ಟಿ ಕೊಬ್ಬೇ ತೊಂದರೆ. ಜವಾರಿ ಕೋಳಿ ತತ್ತಿಯಲ್ಲಿ ಕೊಲೆಸ್ಟ್ರಾಲ್ ಕಡಿಮೆ ಅನ್ನುವುದನ್ನೂ ನಂಬಿ ದುಪ್ಪಟ್ಟು ದುಡ್ಡು ಕೊಡಬೇಡಿ. ರುಚಿಗೆ ಬೇಕಾದರೆ ಕೊಡಿ.

ನಾಲ್ಕನೆಯದು: ಅದೇ ಲ್ಯಾಬ್, ಅಷ್ಟೇ ಹೊತ್ತಿನ ಉಪವಾಸ, ಮತ್ತೆ ಪರೀಕ್ಷೆ. ಓದುವಾಗ ಅವಸರ ಬೇಡ. ಏನೂ ಬದಲಿಸದಿದ್ದರೂ ಎಲ್‌ಡಿಎಲ್ ಹತ್ತು ಅಂಕ ಹಿಂದೆ ಮುಂದೆ ಆಗುತ್ತದೆ. ಮೇಷ್ಟ್ರ 126 ಮತ್ತು 120ರ ನಡುವಿನ ವ್ಯತ್ಯಾಸಕ್ಕೆ ಅದಕ್ಕೇ ಹೆಚ್ಚು ಅರ್ಥವಿಲ್ಲ. 25–30 ಏರಿದ್ದರೆ ಮಾತ್ರ ಇನ್ನೊಮ್ಮೆ ಪರೀಕ್ಷಿಸಿ. ಆಗಲೂ ಹಾಗೇ ಇದ್ದರೆ ತತ್ತಿ ನಿಮಗೆ ಒಗ್ಗುವುದಿಲ್ಲ.

ಸಂಶೋಧನೆಗಳು ಒಂದೇ ಮಾತು ಹೇಳುವುದಿಲ್ಲ ನಿಜ. 2019ರಲ್ಲಿ ಅಮೆರಿಕದ ಸುಮಾರು 30 ಸಾವಿರ ಜನರ ಅಧ್ಯಯನ, ದಿನಕ್ಕೆ ಅರ್ಧ ತತ್ತಿ ಹೆಚ್ಚಾದಂತೆ ಹೃದಯದ ಅಪಾಯ ಸ್ವಲ್ಪ ಏರುತ್ತದೆ ಎಂದಿತು. 2020ರ ಇನ್ನೊಂದು ದೊಡ್ಡ ವಿಶ್ಲೇಷಣೆ, ದಿನಕ್ಕೊಂದರವರೆಗೆ ಅಪಾಯ ಕಾಣಲಿಲ್ಲ ಎಂದಿತು. ಜನ ಏನು ತಿಂದರು ಅಂತ ಕೇಳಿ ಬರೆದುಕೊಂಡು ಮಾಡಿದ ಅಧ್ಯಯನಗಳಿವು. ಅಲ್ಲಿ ತತ್ತಿ ಜೊತೆ ಹಂದಿ ಮಾಂಸ, ಬೆಣ್ಣೆಯೂ ತಟ್ಟೆಯಲ್ಲಿರುತ್ತವೆ. ಯಾವುದರ ತಪ್ಪು ಎಷ್ಟು ಅಂತ ಬೇರ್ಪಡಿಸುವುದು ಕಷ್ಟ ಅಲ್ವಾ? ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2019ರಲ್ಲಿ ಆರೋಗ್ಯವಂತರಿಗೆ ದಿನಕ್ಕೊಂದು ಪೂರ್ತಿ ತತ್ತಿ ಸರಿ ಎಂದಿತು. ಕೊಲೆಸ್ಟ್ರಾಲ್ ಜಾಸ್ತಿ ಇರುವವರು, ಅದರಲ್ಲೂ ಸಕ್ಕರೆ ಕಾಯಿಲೆಯವರು, ಹುಷಾರಾಗಿರಬೇಕು ಅಂತಲೂ ಸೇರಿಸಿತು.

ಅಂಥವರಿಗೆ ನನ್ನ ಸಲಹೆ ವಾರಕ್ಕೆ ಮೂರು ಹಳದಿ. ಉಳಿದ ದಿನ ಬಿಳಿ ಭಾಗ ಎಷ್ಟಾದರೂ ಇರಲಿ, ಆದರೆ ಬೇಯಿಸಿದ್ದೇ ಇರಲಿ.