ಪಂಪ್ ನಿಲ್ಲಿಸಿದ 12 ದಿನ: ಮರುಪೂರಣದ ಲೆಕ್ಕಕ್ಕೆ ಬಾವಿಯಿಂದಲೇ ಸ್ಪೆಸಿಫಿಕ್ ಯೀಲ್ಡ್

ಮಳೆಗಾಲದಲ್ಲಿ ಬಾವಿಯ ನೀರು ಒಂದು ಮೀಟರ್ ಏರಿತು ಅಂದರೆ ಬಾವಿಯೊಳಗೆ ಪೂರ್ತಿ ಒಂದು ಮೀಟರ್ ನೀರು ಬಂದಿರುತ್ತದೆ. ಬಾವಿಯ ಗೋಡೆಯಾಚೆ ಕತೆ ಬೇರೆ. ಅಲ್ಲಿ ಇರುವುದು ಗರಸು, ಜೇಡಿ, ಪುಡಿಯಾದ ಗ್ನೈಸ್ ಕಲ್ಲು. ಸಂದುಗಳಲ್ಲಿ ನಿಂತು ಮತ್ತೆ ಹರಿದು ಬರಬಲ್ಲ ನೀರು ನೂರಕ್ಕೆ ಎರಡೋ ಮೂರೋ ಪಾಲು. ಈ ಪಾಲೇ ಸ್ಪೆಸಿಫಿಕ್ ಯೀಲ್ಡ್. ನೀರಿನ ಏರಿಕೆ, ಜಾಗದ ವಿಸ್ತೀರ್ಣ, ಸ್ಪೆಸಿಫಿಕ್ ಯೀಲ್ಡ್ ಮೂರನ್ನೂ ಗುಣಿಸಿದರೆ ಭೂಮಿಯೊಳಗೆ ಹೆಚ್ಚಾಗಿ ಉಳಿದ ನೀರು ಸಿಗುತ್ತದೆ. ಮೊದಲೆರಡನ್ನು ಟೇಪು ಹಿಡಿದು ಅಳೆಯಬಹುದು. ತಕರಾರು ಇರುವುದೆಲ್ಲ ಮೂರನೆಯದರಲ್ಲಿ.

ಕೇಂದ್ರದ ಅಂತರ್ಜಲ ಅಂದಾಜು ಸಮಿತಿಯ ಕೋಷ್ಟಕದಲ್ಲಿ ಶಿಥಿಲಗೊಂಡ ಗ್ರಾನೈಟ್, ಗ್ನೈಸ್‌ಗೆ ಎರಡು ಅಂಕಿಗಳಿವೆ: ಜೇಡಿ ಕಡಿಮೆ ಇದ್ದರೆ 3%, ಹೆಚ್ಚಿದ್ದರೆ 1.5%. ಬೆಂಗಳೂರಿನ ಒಂದೇ ಬಾವಿಯಲ್ಲಿ ಮೇಲೆ ಕೆಂಪು ಜೇಡಿ, ಕೆಳಗೆ ಗರಸು ಸಿಗುವುದು ಮಾಮೂಲು. ಅಲ್ಲಿ ಯಾವ ಅಂಕಿ ಹಿಡಿಯಬೇಕು? ತಪ್ಪು ಹಿಡಿದರೆ ಏರಿಕೆಯಿಂದ ಬರುವ ಉತ್ತರ ಅರ್ಧಕ್ಕೆ ಇಳಿಯುತ್ತದೆ, ಇಲ್ಲವೇ ದುಪ್ಪಟ್ಟಾಗುತ್ತದೆ. ಅದಕ್ಕೇ ಸರ್ಜಾಪುರ ರಸ್ತೆ ಕಡೆಯ ಸುಮಾರು 15 ಎಕರೆ, ಅಂದರೆ 60,000 ಚದರ ಮೀಟರ್ ಬಡಾವಣೆಯಲ್ಲಿ ಅದನ್ನು ಬಾವಿಗಳಿಂದಲೇ ತೆಗೆದೆವು. ಅಲ್ಲಿ ನೀರೆತ್ತುವ ರಿಂಗ್ ಬಾವಿಗಳು ನಾಲ್ಕು, ಪಂಪಿಲ್ಲದವು ಮೂರು. ಮಟ್ಟ ಅಳೆದದ್ದು ಪಂಪಿಲ್ಲದ ಮೂರರಲ್ಲಿ ಮಾತ್ರ. ಪಂಪಿರುವ ಬಾವಿಯ ಮಟ್ಟ ಸುತ್ತಲಿನ ಅಂತರ್ಜಲದ ಮಟ್ಟಕ್ಕಿಂತ ಯಾವಾಗಲೂ ಒಂದಿಷ್ಟು ಕೆಳಗೇ ಇರುತ್ತದೆ.

ಅಳತೆಗೆ ಬಳಸಿದ್ದು ಸ್ಟೀಲ್ ಟೇಪು, ತುದಿಗೆ ಒಂದು ಗುಂಡು. ಕೆಳಗಿನ ಒಂದು ಮೀಟರಿಗೆ ಸೀಮೆಸುಣ್ಣ ಉಜ್ಜಿ ಇಳಿಬಿಡಬೇಕು. ಬಾವಿಕಟ್ಟೆಯ ಮೇಲೆ ಬಣ್ಣದ ಗುರುತು ಹಾಕಿ, ಪ್ರತಿ ಸಲವೂ ಆ ಗುರುತಿಗೆ ಟೇಪಿನ ಪೂರ್ಣ ಅಂಕಿಯೊಂದನ್ನು ಕೂಡಿಸಿ ಹಿಡಿಯಬೇಕು. ಮೇಲೆತ್ತಿದಾಗ ಸುಣ್ಣ ಒದ್ದೆಯಾಗಿ ಬಣ್ಣ ಬದಲಾದ ಗೆರೆ ಕಾಣುತ್ತದೆ. ಹಿಡಿದ ಅಂಕಿಯಿಂದ ಅದನ್ನು ಕಳೆದರೆ ನೀರಿನ ಆಳ, 2–3 ಮಿ.ಮೀ. ಒಳಗೆ ಕರಾರುವಾಕ್ಕಾಗಿ. ಕಟ್ಟೆಯ ಎತ್ತರ ಕಳೆಯುವುದನ್ನು ಮರೆಯಬಾರದು. ಅಳತೆ ಬೆಳಿಗ್ಗೆ, ಪಂಪುಗಳು ಶುರುವಾಗುವ ಮುಂಚೆ.

ಜನವರಿ ಕೊನೆಯಿಂದ ಮೂರು ವಾರ ಎಂದಿನಂತೆ ಪಂಪ್ ಓಡಿಸಿದೆವು. ಮೀಟರ್ ಪ್ರಕಾರ ದಿನಕ್ಕೆ 14 ಘನ ಮೀಟರ್, ಅಂದರೆ 14,000 ಲೀಟರ್. ಬಳಸಿದ ನೀರು ಒಳಚರಂಡಿಯಲ್ಲಿ ಬಡಾವಣೆಯಾಚೆ ಹೋಗುತ್ತದೆ; ತೋಟಕ್ಕೆ ಹಾಯಿಸುತ್ತಿದ್ದರೆ ಮರಳಿ ಇಂಗುವ ಪಾಲನ್ನು ಕಳೆಯಬೇಕಾಗುತ್ತಿತ್ತು. ಮೂರು ಬಾವಿಗಳ ಸರಾಸರಿ ಇಳಿತ 21 ದಿನಕ್ಕೆ 336 ಮಿ.ಮೀ., ದಿನಕ್ಕೆ 16. ಇಲ್ಲೇ ನಿಲ್ಲಿಸಿ 14 ಘನ ಮೀಟರನ್ನು 60,000 × 0.016ರಿಂದ ಭಾಗಿಸಿದರೆ 1.5% ಬರುತ್ತದೆ. ಕೋಷ್ಟಕದ ಜೇಡಿಯ ಅಂಕಿಗೆ ಸರಿಯಾಗಿ ಕೂತಿತು ಎಂದು ಖುಷಿಪಟ್ಟು ಫೈಲು ಮುಚ್ಚುವವರೂ ಇದ್ದಾರೆ. ಆದರೆ ಆ 16 ಮಿ.ಮೀ. ಇಳಿತ ಪೂರ್ತಿ ಪಂಪಿನದ್ದಲ್ಲ. ಪಕ್ಕದ ರಾಜಕಾಲುವೆ ಕಡೆಗೆ ನೀರು ಜಿನುಗುತ್ತಿರುತ್ತದೆ, ಮರಗಳು ಹೀರುತ್ತವೆ, ಆಳದ ಬೋರ್‌ವೆಲ್‌ಗಳ ಕಡೆಗೂ ಒಂದಿಷ್ಟು ಇಳಿಯುತ್ತದೆ.

ಆ ಪಾಲನ್ನು ಬೇರ್ಪಡಿಸಲು ನಾಲ್ಕೂ ಪಂಪ್ 12 ದಿನ ನಿಲ್ಲಿಸಿ, ಮನೆಗಳಿಗೆ ಟ್ಯಾಂಕರ್ ನೀರು ಕೊಟ್ಟೆವು. ಮೊದಲ ಮೂರು ದಿನದ ಅಳತೆ ಲೆಕ್ಕಕ್ಕಿಲ್ಲ. ಪಂಪ್ ಬಾವಿಗಳ ಸುತ್ತ ತಗ್ಗಿದ್ದ ಮಟ್ಟ ಆಗ ಇನ್ನೂ ಸಮವಾಗುತ್ತಿರುತ್ತದೆ. ಉಳಿದ 9 ದಿನದಲ್ಲಿ ಇಳಿದದ್ದು 45 ಮಿ.ಮೀ., ದಿನಕ್ಕೆ 5. ಹಾಗಾಗಿ ಪಂಪಿನಿಂದಾದ ಇಳಿತ 16ರಲ್ಲಿ 5 ಕಳೆದು 11 ಮಿ.ಮೀ.

ಸ್ಪೆಸಿಫಿಕ್ ಯೀಲ್ಡ್ = 14 ÷ (60,000 × 0.011) = 0.021, ಅಂದರೆ 2.1%

ಲೆಕ್ಕದ ಬುಡ ಗಟ್ಟಿ ಇದೆಯೇ ಎಂದು ನೋಡಲು ಕಾಲುವೆಯ ಆಚೆಗಿನ ಒಂದು ಬಾವಿಯನ್ನೂ ಅಳೆಯುತ್ತಿದ್ದೆವು. ನಮ್ಮ ಪಂಪ್ ನಿಂತರೂ ಅದರ ಇಳಿತದ ವೇಗ ಬದಲಾಗಲಿಲ್ಲ. ಬದಲಾಗಿದ್ದರೆ ಪಂಪಿನ ಪ್ರಭಾವ 60,000 ಚದರ ಮೀಟರಿನಾಚೆಗೂ ಹರಡಿದೆ ಎಂದರ್ಥ. ಆಗ ಭಾಗಿಸುವ ವಿಸ್ತೀರ್ಣವೇ ತಪ್ಪಾಗಿ ಯೀಲ್ಡ್ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೂರು ದಿನ ಕಾಯದೆ ಅಳೆದರೆ ತಪ್ಪು ಇನ್ನೊಂದು ಕಡೆಗೆ: ಸಹಜ ಇಳಿತ ಕಡಿಮೆ ಕಾಣುತ್ತದೆ, ಯೀಲ್ಡ್ ಚಿಕ್ಕದಾಗುತ್ತದೆ.

ಇನ್ನು ಮಳೆಗಾಲ. ಮೇ 15ರಂದು ನೀರು ನೆಲದಿಂದ 7.85 ಮೀಟರ್ ಕೆಳಗಿತ್ತು, ನವೆಂಬರ್ 5ರಂದು 5.05 ಮೀಟರ್. ಬೆಂಗಳೂರಿನಲ್ಲಿ ಸೆಪ್ಟೆಂಬರಿಗೇ ಅಳತೆ ಮುಗಿಸಿದರೆ ಅಕ್ಟೋಬರಿನ ಮಳೆ ಲೆಕ್ಕದಿಂದ ಜಾರಿಹೋಗುತ್ತದೆ. ಏರಿಕೆ 2.80 ಮೀಟರ್, ಇದರಿಂದ ಬರುವುದು 60,000 × 2.80 × 0.021 = 3,528 ಘನ ಮೀಟರ್. ಆದರೆ ಈ 174 ದಿನಗಳಲ್ಲೂ ಪಂಪ್ ಓಡಿದೆ, ದಿನಕ್ಕೆ ಸರಾಸರಿ 9ರಂತೆ 1,566 ಘನ ಮೀಟರ್. ಸಹಜ ಇಳಿತವೂ ನಿಂತಿಲ್ಲ: ದಿನಕ್ಕೆ 5 ಮಿ.ಮೀ.ನಂತೆ 0.87 ಮೀಟರ್, ಅಂದರೆ 1,096 ಘನ ಮೀಟರ್. ಬಂದು, ಬಳಕೆಯಾಗಿ, ಹೊರಟುಹೋದ ಈ ನೀರೂ ಭೂಮಿಗೆ ಇಳಿದದ್ದೇ, ಅಂದರೆ ಮರುಪೂರಣವೇ. ಒಟ್ಟು 6,190 ಘನ ಮೀಟರ್, ಬಡಾವಣೆಯ ಮೇಲೆ ಹರಡಿದರೆ 103 ಮಿ.ಮೀ. ಮಳೆಮಾಪಕದಲ್ಲಿ ಬಿದ್ದ ಮಳೆ 860 ಮಿ.ಮೀ., ಅದರ 12%. ಬರಿಯ ಏರಿಕೆಯನ್ನಷ್ಟೇ ನೋಡಿದ್ದರೆ 59 ಮಿ.ಮೀ. ಎಂದು ಬರೆದುಬಿಡುತ್ತಿದ್ದೆವು.

ಸಮಿತಿಯ 1997ರ ವಿಧಾನದಲ್ಲಿ ಏರಿಕೆಗೆ ಪಂಪಿನ ನೀರನ್ನು ಕೂಡುತ್ತಾರೆ, ಸಹಜ ಹರಿವನ್ನು ಆಮೇಲೆ ಬೇರೆಯಾಗಿ ನೋಡುತ್ತಾರೆ. ಹಾಗೆ ಮಾಡಿದರೆ ನಮ್ಮದು 85 ಮಿ.ಮೀ. ಮಳೆಯ 11% ಇಂಗುತ್ತದೆ ಎಂಬ ಅವರ ಇನ್ನೊಂದು ಮಾನದಂಡದಿಂದ 95 ಮಿ.ಮೀ. ಬರುತ್ತದೆ. ವ್ಯತ್ಯಾಸ 20% ಒಳಗಿದ್ದರೆ ಅವರು ಏರಿಕೆಯ ಲೆಕ್ಕವನ್ನೇ ಒಪ್ಪುತ್ತಾರೆ. ಇಲ್ಲಿರುವುದು ಸುಮಾರು 10%. ಯಾರಾದರೂ ಎರಡು ವರದಿಗಳನ್ನು ಹೋಲಿಸುವಾಗ 85 ಮತ್ತು 103 ಎರಡೂ ಒಂದೇ ಬಾವಿಗಳವು ಎಂಬುದು ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಯಾವ ಬಗೆಯದೆಂದು ಪಕ್ಕದಲ್ಲೇ ಬರೆದಿಡುವುದು ಒಳ್ಳೆಯದು.

ನಗರದಲ್ಲಿ ಈ ಲೆಕ್ಕವನ್ನು ಕೆಡಿಸುವ ಸಂಗತಿಗಳು ಎರಡು. ತಾರಸಿಯ ಪೈಪ್ ಬಾವಿಗೇ ಬಿಟ್ಟಿದ್ದರೆ ಒಂದೇ ರಾತ್ರಿ 40 ಸೆಂ.ಮೀ. ಏರಿ, ಮೂರು ದಿನದಲ್ಲಿ 30 ಇಳಿಯುತ್ತದೆ. ಅದು ಆ ಬಾವಿಯ ಸುತ್ತ ಎದ್ದ ನೀರಿನ ಗುಡ್ಡೆಯೇ ಹೊರತು ಬಡಾವಣೆಯ ಮಟ್ಟವಲ್ಲ. ಅಂಥ ಬಾವಿಯನ್ನು ಅಳತೆಗೆ ಸೇರಿಸಬಾರದು. ಎರಡನೆಯದು ಸೋರುವ ಪೈಪು. ಫೆಬ್ರವರಿಯಲ್ಲಿ, ಮಳೆಯಿಲ್ಲದೆ, ಒಂದು ಬಾವಿ ಮಾತ್ರ ಏರಿದರೆ ಟಿಡಿಎಸ್ ಮೀಟರ್ ಅದ್ದಿ ನೋಡಿ. ಕಾವೇರಿ ನೀರು ಸೇರುತ್ತಿದ್ದರೆ ಪಕ್ಕದ ಬಾವಿಗಳಿಗಿಂತ ಅಂಕಿ ಕೆಳಗಿರುತ್ತದೆ. ಚರಂಡಿ ಸೋರುತ್ತಿದ್ದರೆ ಮೀಟರ್ ಸಾಲದು, ನೈಟ್ರೇಟ್ ಪರೀಕ್ಷೆ ಬೇಕು.

103ನ್ನು ಒಂದೇ ಅಂಕಿಯಾಗಿ ವರದಿಗೆ ಹಾಕಲಿಲ್ಲ. ಸಹಜ ಇಳಿತ 4 ಅಥವಾ 6 ಮಿ.ಮೀ. ಇದ್ದಿರಬಹುದು ಎಂದಿಟ್ಟುಕೊಂಡರೆ ಯೀಲ್ಡ್ 1.9%ರಿಂದ 2.3%ವರೆಗೆ, ಮರುಪೂರಣ 94ರಿಂದ 116 ಮಿ.ಮೀ.ವರೆಗೆ ಹೋಗುತ್ತದೆ. ಮಟ್ಟ ಮೇಲೇರಿದಾಗ ಕಾಲುವೆಯ ಕಡೆ ಹರಿವು ಹೆಚ್ಚುವುದರಿಂದ ಮಳೆಗಾಲಕ್ಕೆ 5 ಮಿ.ಮೀ. ಕಡಿಮೆಯೇ ಆಯಿತು. ಇನ್ನೊಂದು ಕಡೆ, ಪರೀಕ್ಷೆ ನಡೆದದ್ದು ಗರಸಿನ ಪದರದಲ್ಲಿ. ನವೆಂಬರಿನ ನೀರು ತಲುಪಿದ ಮೇಲಿನ ಅರ್ಧ ಮೀಟರಿನಲ್ಲಿ ಜೇಡಿ ಹೆಚ್ಚಿದೆ ಎಂದು ಬಾವಿ ತೋಡಿದವರು ಹೇಳಿದ್ದರು, ಅಲ್ಲಿ ಯೀಲ್ಡ್ 2.1%ಗಿಂತ ಕಡಿಮೆ ಇರಬೇಕು. ಮುಂದಿನ ಸಲ ಮಟ್ಟ ಇನ್ನೂ ಮೇಲಿರುವಾಗಲೇ ಪಂಪ್ ನಿಲ್ಲಿಸಿ ಆ ಪದರದ ಅಂಕಿಯನ್ನು ಬೇರೆಯಾಗಿ ತೆಗೆಯುತ್ತೇವೆ.